ಫಾಲ್, ಪಿಕೋ ಮತ್ತು ಆರುನೂರು ಯೂರೋ

ವಿಮಾನ ಸಂಸ್ಥೆಯಿಂದ ಬಂದ ಮಿಂಚಂಚೆಯಲ್ಲಿ ಒಂದು ಪ್ರಶ್ನೆಯಿತ್ತು. ನೀವು ಕಳುಹಿಸಿದ ಎರಡನೆಯ ಬಿಲ್ಲಿನ ಮೂರನೆಯ ಸಾಲಿನಲ್ಲಿ 150 ರೂಪಾಯಿ ಎಂದಿದೆ, ಅದು ಯಾವ ವಸ್ತುವಿನ ಬೆಲೆ ಎಂದು ದಯವಿಟ್ಟು ತಿಳಿಸಿ. ಆ ಬಿಲ್ಲು ಶಿರಸಿಯ ದರ್ಜಿಯೊಬ್ಬರು ಪುಸ್ತಕದಿಂದ ಹರಿದು ಕನ್ನಡದಲ್ಲಿ ಬರೆದುಕೊಟ್ಟ ಚೀಟಿ. ಮೂರನೆಯ ಸಾಲಿನಲ್ಲಿದ್ದದ್ದು ‘ಫಾಲ್, ಪಿಕೋ’. ಹ್ಯಾಂಬರ್ಗಿನ ನಮ್ಮ ಮನೆಯ ಅಡುಗೆಮೇಜಿನ ಮುಂದೆ ಕುಳಿತು, ಸೀರೆಯ ಅಂಚು ನೆಲಕ್ಕೆ ಉಜ್ಜಿ ಸವೆಯದಿರಲಿ ಎಂದು ಒಳಗಿನಿಂದ ಹೊಲಿಯುವ ಪಟ್ಟಿಯೇ ಫಾಲ್ ಎಂದೂ, ಸೆರಗಿನ ತುದಿಯ ನೂಲು ಬಿಚ್ಚದಂತೆ ಯಂತ್ರದಲ್ಲಿ ಹೊಲಿಯುವುದೇ ಪಿಕೋ ಎಂದೂ, ಇವೆರಡೂ ಇಲ್ಲದೆ ಹೊಸ ಸೀರೆಯನ್ನು ಉಡುವಂತಿಲ್ಲ ಎಂದೂ ಜರ್ಮನ್ ಭಾಷೆಯಲ್ಲಿ ಎಂಟು ಸಾಲು ಬರೆದೆ. ನನ್ನ ಹದಿನಾಲ್ಕು ವರ್ಷದ ಜರ್ಮನಿಯ ವಾಸದಲ್ಲಿ ಇಷ್ಟು ಶ್ರದ್ಧೆಯಿಂದ ಬರೆದ ಇನ್ನೊಂದು ಪತ್ರ ನೆನಪಿಗೆ ಬರುತ್ತಿಲ್ಲ.

ವಿಷಯ ಇಷ್ಟೇ. 2025ರ ಮೇ ತಿಂಗಳಿನಲ್ಲಿ ಅಣ್ಣನ ಮಗಳ ಮದುವೆಗೆಂದು ನಾನೂ ನನ್ನ ಹೆಂಡತಿಯೂ ಊರಿಗೆ ಹೊರಟಿದ್ದೆವು. ಮಂಗಳವಾರ ಬೆಳಿಗ್ಗೆ ಹ್ಯಾಂಬರ್ಗ್‌ನಿಂದ ಸಣ್ಣ ವಿಮಾನ, ಯೂರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ಬದಲಾವಣೆ, ಅಲ್ಲಿಂದ ನೇರ ಬೆಂಗಳೂರು. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಇಳಿಯಬೇಕಿತ್ತು. ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದವು, ಒಂದೇ ಯೂರೋಪಿಯನ್ ಸಂಸ್ಥೆಯವು. ಈ ‘ಒಂದೇ ಟಿಕೆಟ್’ ಎಂಬ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಹಣ ಬಂದದ್ದು ಅದರಿಂದಲೇ.

ಹ್ಯಾಂಬರ್ಗಿನಲ್ಲಿ ಎಲ್ಲರೂ ಹತ್ತಿ ಬೆಲ್ಟ್ ಬಿಗಿದು ಕುಳಿತ ಮೇಲೆ ವಿಮಾನ ಕದಲಲಿಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಕ್ಯಾಪ್ಟನ್ ಮಾತನಾಡಿದರು. ಇಂಜಿನಿನ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲವೆಂದು ಎಚ್ಚರಿಕೆಯ ದೀಪ ಹತ್ತುತ್ತಿದೆ, ತಂತ್ರಜ್ಞರನ್ನು ಕರೆದಿದ್ದೇವೆ, ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೇರೆಡೆಯಿಂದ ತರಿಸಬೇಕಾದೀತು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತು ನನಗೆ ಇಷ್ಟವಾಯಿತು. ಮೊಬೈಲ್‌ನ ಟಿಪ್ಪಣಿಯಲ್ಲಿ ಸಮಯದ ಸಮೇತ ಬರೆದಿಟ್ಟುಕೊಂಡೆ. ಆಗ ಅದು ದೂರು ಕೊಡುವ ಆಲೋಚನೆಯಿಂದ ಮಾಡಿದ್ದಲ್ಲ, ಬಸ್ಸು ಕೆಟ್ಟು ನಿಂತರೆ ಬಾನೆಟ್ ಎತ್ತಿದಲ್ಲಿಗೆ ಹೋಗಿ ಇಣುಕುವ ನಮ್ಮ ಹಳೆಯ ಚಟ. ಗಗನಸಖಿಯರು ಎರಡು ಬಾರಿ ನೀರು ಕೊಟ್ಟರು, ಮುಂದಿನ ವಿಮಾನ ತಪ್ಪುವವರ ಹೆಸರುಗಳನ್ನು ಕೇಳಿ ಬರೆದುಕೊಂಡರು. ಮೂರೂವರೆ ಗಂಟೆ ತಡವಾಗಿ ಹೊರಟೆವು. ದೊಡ್ಡ ನಿಲ್ದಾಣ ತಲುಪುವಷ್ಟರಲ್ಲಿ ಬೆಂಗಳೂರಿನ ವಿಮಾನ ಹಾರಿ ಹೋಗಿತ್ತು, ಮುಂದಿನ ದಿನ ಅದೇ ಹೊತ್ತಿನ ವಿಮಾನದಲ್ಲಿ ನಮಗೆ ಜಾಗ ಎಂದು ಆಪ್ ತಾನಾಗಿಯೇ ತೋರಿಸುತ್ತಿತ್ತು.

ಅಲ್ಲಿಯ ಕೌಂಟರಿನ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಹೋಟೆಲಿನ ಕೂಪನ್‌ಗಳು ಮುಗಿದಿವೆ, ನೀವೇ ಕೋಣೆ ಹಿಡಿದು ರಸೀದಿ ಕಳುಹಿಸಿ ಎಂದರು ಕೌಂಟರಿನವರು, ನಮ್ಮ ಮುಖ ನೋಡದೆಯೇ. ಕೋಣೆಗೆ 118 ಯೂರೋ, ಊಟಕ್ಕೆ 41. ಯೂರೋಪಿನಲ್ಲಿ ಇದು ಸಂಸ್ಥೆಯ ಔದಾರ್ಯವಲ್ಲ, 2004ರ 261ನೆಯ ಸಂಖ್ಯೆಯ ನಿಯಮದ ಪ್ರಕಾರ ಅವರ ಹೊಣೆ. ರಾತ್ರಿ ಕಳೆಯಬೇಕಾಗಿ ಬಂದರೆ ಕೋಣೆ, ಕಾಯುವ ಹೊತ್ತಿಗೆ ತಕ್ಕ ಊಟ, ನಿಲ್ದಾಣಕ್ಕೆ ಹೋಗಿಬರುವ ವ್ಯವಸ್ಥೆ ಎಲ್ಲವನ್ನೂ ಅವರು ಕೊಡಬೇಕು, ತಡಕ್ಕೆ ಕಾರಣ ಹಿಮಪಾತವೇ ಆಗಿರಲಿ. ಕೊಡಲಿಲ್ಲವೆಂದರೆ ನಾವು ಮಿತವಾಗಿ ಖರ್ಚು ಮಾಡಿ ರಸೀದಿ ಇಟ್ಟುಕೊಂಡರೆ ಸಾಕು.

ಮುಂದಿನ ದಿನ ದ್ವಾರದ ಬಳಿ ದಾವಣಗೆರೆಯ ಕಡೆಯ ಹಿರಿಯ ದಂಪತಿ ಸಿಕ್ಕರು. ಶಿಕಾಗೋದಲ್ಲಿರುವ ಮಗಳ ಮನೆಯಿಂದ ಬರುತ್ತಿದ್ದವರು, ಅದೇ ಸಂಸ್ಥೆಯ ಪ್ರಯಾಣಿಕರು, ಅವರ ವಿಮಾನವೂ ತಡವಾಗಿ ನಮ್ಮ ಹಾಗೆಯೇ ಬೆಂಗಳೂರಿನ ವಿಮಾನ ತಪ್ಪಿಸಿಕೊಂಡಿದ್ದರು. ನಮಗೆ ಜರ್ಮನಿಯ ವಾಸದ ಪರವಾನಗಿ ಇದ್ದುದರಿಂದ ನಿಲ್ದಾಣದಿಂದ ಹೊರಗೆ ಹೋಗಿ ಮಲಗಿ ಬಂದೆವು. ಅವರ ಭಾರತದ ಪಾಸ್‌ಪೋರ್ಟಿನಲ್ಲಿ ಷೆಂಗೆನ್ ವೀಸಾ ಇರಲಿಲ್ಲ. ಹೊರಗೆ ಬಿಡುವಂತಿಲ್ಲ ಎಂದು ಒಳಗೇ ಮಡಚುವ ಮಂಚ, ಒಂದೊಂದು ತೆಳು ಕಂಬಳಿ ಕೊಟ್ಟಿದ್ದರಂತೆ. “ಚಳಿ ಸ್ವಲ್ಪ ಜಾಸ್ತಿ ಇತ್ತು ನೋಡ್ರಿ, ಉಳಿದಂತೆ ತೊಂದರೆ ಏನೂ ಆಗಲಿಲ್ಲ” ಎಂದರು ಆ ಯಜಮಾನರು. ಅವರ ಹೆಂಡತಿ ಏನೂ ಹೇಳಲಿಲ್ಲ, ಕಾಲು ಊದಿಕೊಂಡಿತ್ತು, ಚಪ್ಪಲಿ ಬಿಚ್ಚಿ ಕುಳಿತಿದ್ದರು.

ಆ ದಿನದ ದೀರ್ಘ ಹಾರಾಟದಲ್ಲಿ ಸಿಬ್ಬಂದಿ ನಡೆದುಕೊಂಡ ರೀತಿಯ ಬಗ್ಗೆ ನನಗೆ ಹೊಗಳಿಕೆಯ ಮಾತೇ ಇದೆ. ನಾವು ಟಿಕೆಟ್ ಕೊಳ್ಳುವಾಗಲೇ ಭಾರತೀಯ ಸಸ್ಯಾಹಾರ ಎಂದು ಗುರುತು ಹಾಕಿದ್ದೆವು, ಅವರ ತೆರೆಯ ಮೇಲೆ ಅದು `AVML` ಎಂದು ಕಾಣುತ್ತದೆ. ಆದರೆ ವಿಮಾನ ತಪ್ಪಿ ಮತ್ತೊಂದಕ್ಕೆ ಹೆಸರು ವರ್ಗವಾದಾಗ ಈ ಗುರುತು ಅನೇಕ ವೇಳೆ ಹಿಂದೆಯೇ ಉಳಿದುಬಿಡುತ್ತದೆ. ವಿಶೇಷ ಊಟವನ್ನು ಅಡುಗೆಮನೆಗೆ ಸಾಮಾನ್ಯವಾಗಿ ಒಂದು ದಿನ ಮೊದಲೇ ತಿಳಿಸಬೇಕು, ಹೀಗಾಗಿ ಹೊಸ ವಿಮಾನದಲ್ಲಿ ನಮ್ಮ ಪಾಲಿಗೆ ಊಟವೇ ಇರಲಿಲ್ಲ. ಐವತ್ತರ ಆಚೆಗಿನ ಹಿರಿಯ ಪರಿಚಾರಕಿ ಕ್ಷಮೆ ಕೇಳಿ, ಮುಂದಿನ ದರ್ಜೆಯಿಂದ ಹಣ್ಣು, ಬ್ರೆಡ್ಡು, ಮೊಸರು ಜೋಡಿಸಿ ತಂದುಕೊಟ್ಟರು. ದಾವಣಗೆರೆಯ ಅಮ್ಮನ ಕಾಲಿಗೆ ಆಸರೆಯಾಗಲೆಂದು ಖಾಲಿ ಡಬ್ಬಿಯೊಂದಕ್ಕೆ ಕಂಬಳಿ ಸುತ್ತಿ ಇಟ್ಟರು. ಭಾಷೆ ಇಬ್ಬರಿಗೂ ಬರುತ್ತಿರಲಿಲ್ಲ, ಕೆಲಸ ಆಯಿತು.

ಇದನ್ನು ಹೇಳುವುದಕ್ಕೆ ಒಂದು ಕಾರಣವಿದೆ. ನಮ್ಮವರು ವಿಮಾನ ಸಂಸ್ಥೆಗೆ ಬರೆಯುವ ದೂರಿನಲ್ಲಿ ಎಲ್ಲವನ್ನೂ ಸೇರಿಸಿ ಹುಳಿ ಮಾಡುತ್ತಾರೆ. ಕೌಂಟರಿನವರು ಮುಖ ನೋಡಲಿಲ್ಲ, ಊಟ ಸಿಗಲಿಲ್ಲ, ಪೆಟ್ಟಿಗೆ ಬರಲಿಲ್ಲ, ಮದುವೆಯ ಹಿಂದಿನ ದಿನದ ಶಾಸ್ತ್ರಕ್ಕೆ ತಲುಪಲಿಲ್ಲ, ಇನ್ನು ಈ ಸಂಸ್ಥೆಯ ಮುಖ ನೋಡುವುದಿಲ್ಲ. ಇಂಥ ಪತ್ರ ಹೋಗುವುದು ಗ್ರಾಹಕರನ್ನು ಸಮಾಧಾನಪಡಿಸುವ ವಿಭಾಗಕ್ಕೆ. ಅಲ್ಲಿಂದ ಬರುವುದು ಸಮಾಧಾನವೇ, ಜೊತೆಗೊಂದು ಕೂಪನ್. ನಾನೂ ಮೊದಲು ಬರೆದದ್ದು ಹಾಗೆಯೇ. ಕಳುಹಿಸುವ ಮುಂಚೆ ನಮ್ಮ ಮೇಲಿನ ಮನೆಯ ಜರ್ಮನ್ ಅಜ್ಜಿಗೆ ತೋರಿಸಿದೆ. ಅವರು ನಿವೃತ್ತ ಗ್ರಂಥಪಾಲಕಿ, ಜೀವನವನ್ನೆಲ್ಲ ರಂಧ್ರ ಕೊರೆದು ದಪ್ಪ ಫೈಲುಗಳಲ್ಲಿ ಜೋಡಿಸಿಟ್ಟವರು. ನನ್ನ ಎರಡು ಪುಟ ಓದಿ, “ಇದರಲ್ಲಿ ಕೋಪ ಇದೆ, ಮೊತ್ತ ಎಲ್ಲಿದೆ?” ಎಂದು ಕೇಳಿದರು.

ಆಮೇಲೆ ಪತ್ರವನ್ನು ಬಿಡಿಸಿದೆವು. ಒಂದೇ ಪ್ರಯಾಣದಿಂದ ಹುಟ್ಟಿದ ಹಣ ನಾಲ್ಕು ಬಗೆಯದು, ನಾಲ್ಕಕ್ಕೂ ಬೇರೆ ಬೇರೆ ಕಾನೂನು, ಸಂಸ್ಥೆಯ ಜಾಲತಾಣದಲ್ಲಿ ಬೇರೆ ಬೇರೆ ನಮೂನೆ ಎಂಬುದು ನನಗೆ ತಿಳಿದದ್ದೇ ಆಗ. ನಾವು ಕೊಟ್ಟು ಪಡೆಯದೇ ಹೋದದ್ದರ ಹಣ ಮರಳುವುದು ಮರುಪಾವತಿ. ಕಾಯುವಾಗ ಆದ ಖರ್ಚು ಎರಡನೆಯದು. ತಡವಾದದ್ದಕ್ಕೇ ಕೊಡುವ ನಿಗದಿತ ಪರಿಹಾರ ಮೂರನೆಯದು. ಪೆಟ್ಟಿಗೆಯ ಲೆಕ್ಕ ನಾಲ್ಕನೆಯದು, ಅದಂತೂ ಬೇರೆಯೇ ಒಪ್ಪಂದದ ಕೆಳಗೆ ಬರುತ್ತದೆ.

ಮರುಪಾವತಿ ಸಲೀಸಾಗಿ ಬಂತು. ಕಾಲು ಚಾಚುವ ಜಾಗವಿರುವ ಆಸನಗಳಿಗೆಂದು ತಲಾ 32 ಯೂರೋ ಹೆಚ್ಚುವರಿಯಾಗಿ ಕೊಟ್ಟಿದ್ದೆವು, ಮರುದಿನದ ವಿಮಾನದಲ್ಲಿ ಸಿಕ್ಕಿದ್ದು ಎರಡು ಬೇರೆ ಬೇರೆ ಸಾಲಿನ ನಡುವಿನ ಆಸನ. ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಲಗತ್ತಿಸಿದೆ, ಒಂಬತ್ತನೆಯ ದಿನ 64 ಯೂರೋ ಕಾರ್ಡಿಗೆ ಮರಳಿತು. ಹೋಟೆಲು, ಊಟದ 159 ಯೂರೋ ಮೂರು ವಾರದಲ್ಲಿ ಬಂತು. ಇದರಲ್ಲಿ ದೂರುವುದಕ್ಕೆ ಏನೂ ಇಲ್ಲ.

ಹೋರಾಟ ಶುರುವಾದದ್ದು ಮೂರನೆಯದರಲ್ಲಿ. ಯೂರೋಪ್ ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಟು 3,500 ಕಿಲೋಮೀಟರ್‌ಗೂ ದೂರ ಹೋಗುವ ಪ್ರಯಾಣಿಕ ನಾಲ್ಕು ಗಂಟೆಗಿಂತ ಹೆಚ್ಚು ತಡವಾಗಿ ಕೊನೆಯ ಊರು ತಲುಪಿದರೆ ಆತನಿಗೆ 600 ಯೂರೋ ಸಲ್ಲುತ್ತದೆ. ಟಿಕೆಟ್ಟಿಗೆ ಎಷ್ಟು ಕೊಟ್ಟಿದ್ದ ಎಂಬುದು ಲೆಕ್ಕಕ್ಕಿಲ್ಲ. ಹ್ಯಾಂಬರ್ಗಿನ ಸಣ್ಣ ವಿಮಾನ ತಡವಾದದ್ದು ಮೂರೂವರೆ ಗಂಟೆ ಮಾತ್ರ, ಆದರೆ ಟಿಕೆಟ್ ಒಂದೇ ಆದ್ದರಿಂದ ನೋಡಬೇಕಾದದ್ದು ಬೆಂಗಳೂರು ತಲುಪಿದ ಹೊತ್ತನ್ನು. ನಾವು ತಲುಪಿದ್ದು ಒಂದು ದಿನ ತಡವಾಗಿ. ಇಬ್ಬರಿಗೆ 1,200 ಯೂರೋ. ಅಗ್ಗವೆಂದು ಹ್ಯಾಂಬರ್ಗಿನ ತುಂಡನ್ನು ಬೇರೆ ಟಿಕೆಟ್ಟಿನಲ್ಲಿ ಕೊಂಡಿದ್ದರೆ ಪರಿಹಾರವನ್ನು ಆ ಸಣ್ಣ ಹಾರಾಟಕ್ಕೆ ಮಾತ್ರ ಕೇಳಬಹುದಿತ್ತು, ತಪ್ಪಿದ ಬೆಂಗಳೂರಿನ ವಿಮಾನಕ್ಕೆ ಹೊಸ ಟಿಕೆಟ್ ನಾವೇ ಕೊಳ್ಳಬೇಕಿತ್ತು.

ಐದು ವಾರ ಕಳೆದ ಮೇಲೆ ಉತ್ತರ ಬಂತು. ‘ಕಾರ್ಯಾಚರಣೆಯ ಕಾರಣಗಳಿಂದ’ ತಡವಾಗಿದೆ, ವಿಷಾದವಿದೆ, ಸದ್ಭಾವನೆಯ ಗುರುತಾಗಿ ತಲಾ 200 ಯೂರೋಗಳ ಕೂಪನ್ ಸ್ವೀಕರಿಸಿ, ಒಂದು ವರ್ಷದೊಳಗೆ ಬಳಸಿ. ಅದರ ಕೆಳಗೆ ಒಪ್ಪಿಗೆಯ ಗುಂಡಿ. ಆ ಗುಂಡಿಯ ಮೇಲೆ ಸಣ್ಣ ಅಕ್ಷರದಲ್ಲಿ, ಒಪ್ಪಿದರೆ ಈ ಪ್ರಯಾಣದ ಉಳಿದೆಲ್ಲ ಬೇಡಿಕೆಗಳೂ ಮುಗಿದಂತೆ ಎಂಬ ಸಾಲು. ಕೂಪನ್ ಎಂಬುದು ಪ್ರಯಾಣಿಕ ಬರೆದು ಒಪ್ಪಿದರೆ ಮಾತ್ರ ನಗದಿನ ಜಾಗಕ್ಕೆ ಬರಬಹುದು, ಇಲ್ಲವಾದರೆ ಹಣವನ್ನೇ ಕೊಡಬೇಕು ಎಂದು ಅದೇ ನಿಯಮದಲ್ಲಿದೆ.

‘ಕಾರ್ಯಾಚರಣೆಯ ಕಾರಣ’ ಎಂಬುದು ಎಲ್ಲವನ್ನೂ ಹೇಳಿ ಏನನ್ನೂ ಹೇಳದ ಮಾತು. ಪರಿಹಾರ ತಪ್ಪಿಸಿಕೊಳ್ಳಲು ಸಂಸ್ಥೆ ಅಸಾಧಾರಣ ಸನ್ನಿವೇಶವೊಂದನ್ನು ತೋರಿಸಬೇಕು, ಬಿರುಗಾಳಿ, ನಿಯಂತ್ರಣ ಗೋಪುರದವರ ಮುಷ್ಕರ, ಹಕ್ಕಿಯ ಡಿಕ್ಕಿ ಇಂಥದ್ದು. ಯಂತ್ರ ಕೆಡುವುದು ವಿಮಾನ ಓಡಿಸುವವರ ದಿನನಿತ್ಯದ ಬದುಕಿನ ಭಾಗ, ಅದು ಅಸಾಧಾರಣವಲ್ಲ ಎಂದು ಯೂರೋಪಿನ ನ್ಯಾಯಾಲಯ 2008ರಲ್ಲಿಯೇ ಹೇಳಿದೆ. ಇಲ್ಲಿ ಕ್ಯಾಪ್ಟನ್ನರ ವಾಲ್ವಿನ ಮಾತು ಉಪಯೋಗಕ್ಕೆ ಬಂತು. ಎಷ್ಟು ಗಂಟೆಗೆ, ಯಾವ ಮಾತು ಹೇಳಿದರು ಎಂದು ನಮೂದಿಸಿ, ಮುಂದಿನ ತಿಂಗಳ 14ನೆಯ ತಾರೀಕಿನೊಳಗೆ 1,200 ಯೂರೋ ಈ ಖಾತೆಗೆ ಬರಲಿ ಎಂದು ಎರಡನೆಯ ಪತ್ರ ಬರೆದೆ. ಹೀಗೆ ತಾರೀಕು ಹಾಕಿ ಗಡುವು ಕೊಡುವುದು ಜರ್ಮನರಿಗೆ ನಮಸ್ಕಾರ ಹೇಳಿದಷ್ಟು ಸಹಜ. ನನಗೆ ಬೆರಳು ನಡುಗಿತು. ನಮ್ಮ ಕಡೆ ಕೊಟ್ಟ ಸಾಲವನ್ನು ಕೇಳುವಾಗಲೂ “ನಿಮಗೆ ಅನುಕೂಲವಾದಾಗ” ಎಂದೇ ಶುರು ಮಾಡುತ್ತೇವೆ.

ಉತ್ತರ ಬರಲಿಲ್ಲ. ಎರಡು ತಿಂಗಳು ಕಾದು ಬರ್ಲಿನ್ನಿನಲ್ಲಿರುವ ಪ್ರಯಾಣದ ವ್ಯಾಜ್ಯಗಳ ಸಂಧಾನ ಕೇಂದ್ರಕ್ಕೆ ಜಾಲದ ಮೂಲಕ ಅರ್ಜಿ ಹಾಕಿದೆ. ಪ್ರಯಾಣಿಕನಿಗೆ ಶುಲ್ಕವಿಲ್ಲ, ಖರ್ಚು ಸಂಸ್ಥೆಯ ಮೇಲೆ ಬೀಳುತ್ತದೆ. ವಕೀಲರ ಹಾಗೆ ಕೆಲಸ ಮಾಡಿಕೊಡುತ್ತೇವೆ ಎನ್ನುವ ಖಾಸಗಿ ಕಂಪನಿಗಳು ಬಂದ ಹಣದಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಹಿಡಿದುಕೊಳ್ಳುತ್ತವೆ, ಕೇಸು ಸರಳವಾಗಿದ್ದರೆ ಅವರ ಅಗತ್ಯವಿಲ್ಲ. ನವೆಂಬರ್‌ನಲ್ಲಿ ಹಣ ಬಂತು, ವಿವರಣೆಯಿಲ್ಲದೆ, ಪೂರ್ತಿ. ವಾದದಲ್ಲಿ ಗೆದ್ದೆ ಎನ್ನುವುದಕ್ಕಿಂತ ಅವರು ಬೇಸತ್ತು ಕೊಟ್ಟರು ಎನ್ನುವುದು ಸರಿ. ಆರು ತಿಂಗಳು ಬೇಸರಿಸಿಕೊಳ್ಳದೆ ಕಾಯುವವರು ಎಷ್ಟು ಮಂದಿ ಎಂಬ ಲೆಕ್ಕದ ಮೇಲೆಯೇ ಮೊದಲ ಉತ್ತರ ಸಿದ್ಧವಾಗುತ್ತದೆ ಎಂದು ನನ್ನ ಗುಮಾನಿ.

ಒಂದು ಬೇಡಿಕೆಯಲ್ಲಿ ಅವರೇ ಸರಿಯಿದ್ದರು. ಬೆಂಗಳೂರಿನಿಂದ ಶಿರಸಿಗೆ ಕಾದಿರಿಸಿದ್ದ ಸ್ಲೀಪರ್ ಬಸ್ಸಿನ ಟಿಕೆಟ್ ವ್ಯರ್ಥವಾಗಿ 2,800 ರೂಪಾಯಿ ಹೋಗಿತ್ತು, ಅದನ್ನೂ ಕೇಳಿದ್ದೆ. ತಡದಿಂದಾದ ಇಂಥ ನಷ್ಟವನ್ನು ಕೇಳುವ ದಾರಿ ಇದೆಯಾದರೂ, ನಿಗದಿತ ಪರಿಹಾರವನ್ನು ಅದರಲ್ಲಿ ಕಳೆಯಬಹುದು. ಆರುನೂರು ಯೂರೋ ಪಡೆದವನ ಬಸ್ಸಿನ ದುಡ್ಡು ಅದರೊಳಗೇ ಮುಳುಗಿ ಹೋಗುತ್ತದೆ. ಸುಮ್ಮನಾದೆ.

ಇನ್ನು ಪೆಟ್ಟಿಗೆ. ಗುರುವಾರ ನಸುಕಿನಲ್ಲಿ ಬೆಂಗಳೂರಿನ ಎರಡನೆಯ ಟರ್ಮಿನಲ್‌ನಲ್ಲಿ ಪಟ್ಟಿ ಸುತ್ತಿ ಸುತ್ತಿ ನಿಂತಿತು. ನಮ್ಮ ಎರಡು ಪೆಟ್ಟಿಗೆಗಳಲ್ಲಿ ಒಂದು ಬಂದಿತ್ತು, ಅದರಲ್ಲಿದ್ದದ್ದು ಚಾಕೊಲೇಟು ಮತ್ತು ನನ್ನ ಪುಸ್ತಕಗಳು. ಒಡವೆಯ ಡಬ್ಬಿಯೊಂದನ್ನು ಬಿಟ್ಟು ಸೀರೆಯೂ ಉಳಿದೆಲ್ಲ ಮದುವೆಯ ಬಟ್ಟೆಯೂ ಇನ್ನೊಂದರಲ್ಲಿ. ಹ್ಯಾಂಬರ್ಗಿನಲ್ಲಿ ಕಟ್ಟಿದ ಚೀಟಿಯಲ್ಲಿ ಮಂಗಳವಾರದ ವಿಮಾನದ ಸಂಖ್ಯೆ ಇತ್ತು. ಪ್ರಯಾಣಿಕನ ಹೆಸರು ಹೊಸ ವಿಮಾನಕ್ಕೆ ವರ್ಗವಾದರೂ ಪೆಟ್ಟಿಗೆಯನ್ನು ಹೊಸ ಹಾರಾಟಕ್ಕೆ ಜೋಡಿಸದಿದ್ದರೆ ಅದು ವಿಂಗಡಣೆಯ ಯಂತ್ರದ ಪಕ್ಕದ ಕೋಣೆಯಲ್ಲಿ ಕೂರುತ್ತದೆ. ಹೆಂಡತಿ ಪೆಟ್ಟಿಗೆಯೊಳಗೆ ಹಾಕಿದ್ದ ಪತ್ತೆಯ ಬಿಲ್ಲೆ ಯೂರೋಪಿನ ಆ ನಿಲ್ದಾಣವನ್ನೇ ತೋರಿಸುತ್ತಿತ್ತು.

ಸರಕಿನ ಕೌಂಟರಿನಲ್ಲಿದ್ದ ಹುಡುಗ ಕನ್ನಡದವನು, ಹಾಸನದ ಕಡೆಯವನಂತೆ. “ಸರ್, ಅಮ್ಮನವರನ್ನು ಕೂರಿಸಿ, ಫಾರಂ ನಾನೇ ತುಂಬುತ್ತೇನೆ” ಎಂದು ಕುರ್ಚಿ ತಂದು ಕೊಟ್ಟ. ಯೂರೋಪಿನ ಕೌಂಟರಿನಲ್ಲಿ ಎರಡು ಗಂಟೆ ನಿಂತು ಬಂದವರಿಗೆ ಆ ಕುರ್ಚಿಯೇ ಅರ್ಧ ಪರಿಹಾರ. ಪೆಟ್ಟಿಗೆಗಳ ಚಿತ್ರವಿರುವ ಹಲಗೆ ಹಿಡಿದು, ಬಣ್ಣ ಯಾವುದು, ಗಾಲಿ ಎಷ್ಟು, ಬೀಗ ಇದೆಯೇ ಎಂದು ಕೇಳಿ ವರದಿ ಬರೆದ. ಇದಕ್ಕೆ ಎಲ್ಲೆಡೆ ಪಿಐಆರ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಬರೆಸಿದರೆ ಅದರ ಸಂಖ್ಯೆ `BLR` ಎಂದು ಶುರುವಾಗುತ್ತದೆ, ಈ ಚೀಟಿಯಿಲ್ಲದೆ ನಿಲ್ದಾಣದಿಂದ ಹೊರಬಿದ್ದರೆ ಪೆಟ್ಟಿಗೆ ಬಂದಿಲ್ಲವೆಂದು ಸಾಬೀತು ಮಾಡುವುದು ಬಹಳ ಕಷ್ಟ. ವಿದೇಶದಿಂದ ತಡವಾಗಿ ಬರುವ ಪೆಟ್ಟಿಗೆಯನ್ನು ಕಸ್ಟಮ್ಸ್‌ನವರು ನೋಡಬೇಕಾದ್ದರಿಂದ ನಮ್ಮ ಪರವಾಗಿ ಬಿಡಿಸಿಕೊಳ್ಳಲು ಒಪ್ಪಿಗೆಪತ್ರಕ್ಕೂ ಸಹಿ ಹಾಕಿಸಿಕೊಂಡ.

ಆದರೆ ಆ ಹುಡುಗ ಹೇಳಿದ ಒಂದು ಮಾತು ತಪ್ಪಾಗಿತ್ತು. “ಇಷ್ಟು ಸಾಕು ಸರ್, ಬೇರೆ ಏನೂ ಬರೆಯಬೇಕಿಲ್ಲ” ಎಂದ. ಪಿಐಆರ್ ಎಂದರೆ ಪೆಟ್ಟಿಗೆ ಹುಡುಕುವ ಚೀಟಿ, ಹಣ ಕೇಳುವ ಅರ್ಜಿಯೆಂದು ಅದನ್ನು ನಂಬಿ ಕೂರುವಂತಿಲ್ಲ. ಭಾರತವೂ ಜರ್ಮನಿಯೂ ಸೇರಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ತಡವಾದ ಪೆಟ್ಟಿಗೆ ಕೈಸೇರಿದ ದಿನದಿಂದ 21 ದಿನದೊಳಗೆ ಸಂಸ್ಥೆಗೆ ಬರೆದು ದೂರು ಕೊಡಬೇಕು. ಒಡೆದು ಬಂದಿದ್ದರೆ ಏಳು ದಿನವಷ್ಟೇ. ಗಡುವು ತಪ್ಪಿದರೆ ಹಕ್ಕೂ ಹೋಯಿತು. ಕೊಡುವುದಕ್ಕೆ ಒಂದು ಮಿತಿಯೂ ಇದೆ, 2024ರ ಡಿಸೆಂಬರ್ 28ರಿಂದ ಪ್ರಯಾಣಿಕನೊಬ್ಬನಿಗೆ 1,519 ಎಸ್‌ಡಿಆರ್, ಅಂದರೆ ಸುಮಾರು 1,800 ಯೂರೋ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ಯಾರ ಜೇಬಿನಲ್ಲಿಯೂ ಇರುವುದಿಲ್ಲ. ಮಿತಿ ಎಂದರೆ ಅಷ್ಟೂ ಸಿಗುತ್ತದೆ ಎಂದಲ್ಲ, ತೋರಿಸಿದ ನಷ್ಟ ಮಾತ್ರ.

ಶಿರಸಿಯಲ್ಲಿ ಮದುವೆಯ ಹಿಂದಿನ ಮಧ್ಯಾಹ್ನ ನಾವು ಮಾಡಿದ ಖರೀದಿಯ ಒಟ್ಟು ಲೆಕ್ಕ 11,200 ರೂಪಾಯಿ. ಸೀರೆ 6,200, ರವಿಕೆ ಹೊಲಿಗೆ 650, ನನ್ನ ಪಂಚೆ ಶಲ್ಯ 1,900, ಆ ಪ್ರಸಿದ್ಧ ಫಾಲ್ ಪಿಕೋ 150, ಉಳಿದ 2,300 ಒಳಉಡುಪು, ಚಪ್ಪಲಿ, ಹಲ್ಲುಜ್ಜುವ ಬ್ರಷ್ ಇತ್ಯಾದಿ. ನಾಲ್ಕು ಗಂಟೆಯಲ್ಲಿ ರವಿಕೆ ಹೊಲಿದುಕೊಟ್ಟ ದರ್ಜಿಯಿಂದ ರಸೀದಿ ಕೇಳಿದಾಗ ಅವರು ನಕ್ಕರು. ಪಕ್ಕದಲ್ಲಿದ್ದ ಅಣ್ಣ ನಗಲಿಲ್ಲ. “ಏನು ತಮ್ಮಾ, ನೂರೈವತ್ತು ರೂಪಾಯಿಗೂ ಚೀಟಿಯೇ? ಜನ ಏನೆಂದುಕೊಂಡಾರು” ಎಂದು ಪಿಸುಗುಟ್ಟಿದ. ಮದುವೆ ಶುಕ್ರವಾರ ಮುಗಿಯಿತು, ಪೆಟ್ಟಿಗೆ ಸೋಮವಾರ ಟ್ಯಾಕ್ಸಿಯಲ್ಲಿ ಬಂದಿಳಿಯಿತು.

ಸಂಸ್ಥೆ ಬಟ್ಟೆಯ ಬಾಬತ್ತಿನ 8,900 ರೂಪಾಯಿಯಲ್ಲಿ ಅರ್ಧವನ್ನೂ, ಉಳಿದ ಸಾಮಾನಿನ ಪೂರ್ತಿ ಹಣವನ್ನೂ ಒಪ್ಪಿಕೊಂಡಿತು. ಒಟ್ಟು 6,750, ಎಪ್ಪತ್ತು ಯೂರೋ. ಬಟ್ಟೆ ನಿಮ್ಮಲ್ಲಿಯೇ ಉಳಿಯುತ್ತದೆಯಲ್ಲ ಎಂಬುದು ಅವರ ವಾದ. ಈ ಅರ್ಧದ ಲೆಕ್ಕ ಒಪ್ಪಂದದಲ್ಲಿ ಬರೆದದ್ದಲ್ಲ, ಸಂಸ್ಥೆಗಳ ರೂಢಿ. ಜಗ್ಗಿದ್ದರೆ ಇನ್ನಷ್ಟು ಬರುತ್ತಿತ್ತೇನೋ. ಆದರೆ ಸೀರೆ ಕಪಾಟಿನಲ್ಲಿ ಇದೆ, ಹೆಂಡತಿಗೆ ಕಳೆದುಹೋಗಿದ್ದ ಸೀರೆಗಿಂತ ಅದೇ ಹೆಚ್ಚು ಇಷ್ಟ. ನನಗೆ ಅದು ನ್ಯಾಯ ಎನಿಸಿತು.

ಹೋಲಿಕೆಗೆ ಒಂದು ಅವಕಾಶ ತಾನಾಗಿಯೇ ಒದಗಿತು. ಮರಳುವಾಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಹಿಡಿದೆವು. ಒಂದು ಗಂಟೆಯ ಹಾರಾಟ, ಎರಡು ಗಂಟೆ ನಲವತ್ತು ನಿಮಿಷ ತಡ. ಮೊಬೈಲ್‌ಗೆ ಹೊಸ ಸಮಯ ಮೂರು ಬಾರಿ ಬಂತು, ಕಾರಣ ಒಂದು ಬಾರಿಯೂ ಬರಲಿಲ್ಲ. ಆದರೆ ನೆಲದ ಸಿಬ್ಬಂದಿ ಒಬ್ಬೊಬ್ಬರ ಬಳಿಯೂ ಬಂದು ಅಣ್ಣ, ಅಮ್ಮ ಎಂದು ಕರೆದು ಉಪ್ಪಿಟ್ಟು, ಜ್ಯೂಸ್ ಹಂಚಿದರು. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಮೀರಿ ತಡವಾದರೆ ಉಪಾಹಾರ ಕೊಡಬೇಕು ಎಂದು ನಮ್ಮ ವಿಮಾನಯಾನದ ನಿಯಂತ್ರಕ ಡಿಜಿಸಿಎಯ ನಿಯಮವಿದೆ. ನಮ್ಮಷ್ಟು ತಡಕ್ಕೆ ನಿಯಮ ಅಲ್ಲಿಗೇ ಮುಗಿಯಿತು. ಆರು ಗಂಟೆ ದಾಟಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು ಕೇಳಬಹುದು. ಮುನ್ಸೂಚನೆಯಿಲ್ಲದೆ ರದ್ದಾದರೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿಯವರೆಗೆ ಪರಿಹಾರವೂ ಇದೆ, ಅದೂ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ಬರಿಯ ತಡಕ್ಕೆ ಒಂದು ಪೈಸೆಯೂ ಇಲ್ಲ, ಐದು ಗಂಟೆ ಕೂರಿಸಿದರೂ ಉಪ್ಪಿಟ್ಟೇ. ಇದಕ್ಕೊಂದು ಪರಿಣಾಮವಿದೆ. ತಡ ಮಾಡುವುದು ಅಗ್ಗ, ರದ್ದು ಮಾಡುವುದು ದುಬಾರಿ ಎಂದಾದಾಗ ರದ್ದಾಗಬೇಕಾದ ವಿಮಾನವನ್ನು ಅರ್ಧರ್ಧ ಗಂಟೆಯಾಗಿ ಮುಂದೂಡುವ ಆಸೆ ಯಾರಿಗಾದರೂ ಹುಟ್ಟುತ್ತದೆ.

ಆದರೂ ಭಾರತದ ಪರವಾಗಿ ಒಂದು ಮಾತು. ಅಣ್ಣನೂ ನಮ್ಮೊಡನೆ ಬೆಂಗಳೂರಿಗೆ ಬರಬೇಕಿತ್ತು, ಕೊನೆಯ ಗಳಿಗೆಯಲ್ಲಿ ಬರಲಾಗಲಿಲ್ಲ. ಹಣ ಮರಳದ ಅಗ್ಗದ ಟಿಕೆಟ್ ಅದು, ಹೋದರೆ ಹೋಯಿತು ಎಂದ. ಎಂಥ ಟಿಕೆಟ್ಟೇ ಆಗಲಿ, ಪ್ರಯಾಣ ಮಾಡದಿದ್ದರೆ ಅದರೊಳಗಿನ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕವನ್ನು ಸಂಸ್ಥೆ ಹಿಂದಿರುಗಿಸಬೇಕು ಎಂದು ಡಿಜಿಸಿಎ ಹೇಳುತ್ತದೆ. ಆಪ್‌ನಲ್ಲಿ ನಾಲ್ಕು ಬಾರಿ ಒತ್ತಿದೆ, ಐದನೆಯ ದಿನ ಹಣ ಅವನ ಖಾತೆಯಲ್ಲಿತ್ತು. ಯಾರಿಗೂ ಪತ್ರ ಬರೆಯಲಿಲ್ಲ, ಗಡುವು ಹಾಕಲಿಲ್ಲ. ಬೆಂಗಳೂರಿನಲ್ಲಿ ಇಳಿದಾಗ ಪೆಟ್ಟಿಗೆಗಳೂ ನಮಗಿಂತ ಮೊದಲೇ ಪಟ್ಟಿಯ ಮೇಲಿದ್ದವು.

ಹಾಗಾಗಿ ಯಾವುದು ಮೇಲು ಎಂದು ಇಲ್ಲಿಯ ಕನ್ನಡ ಬಳಗದಲ್ಲಿ ಯಾರಾದರೂ ಕೇಳಿದರೆ ನಾನು ಪೂರ್ತಿ ಯಾವ ಪಕ್ಷವನ್ನೂ ಹಿಡಿಯಲಾರೆ. ಯೂರೋಪಿನಲ್ಲಿ ಹಕ್ಕು ಗಟ್ಟಿ, ಮನುಷ್ಯರು ಕೌಂಟರಿನ ಹಿಂದೆ ಒಣಗಿದ್ದಾರೆ, ಹಕ್ಕನ್ನು ಅಂಚೆಯ ಮೂಲಕ ಎಳೆದು ತರಬೇಕು. ನಮ್ಮಲ್ಲಿ ಕುರ್ಚಿ ಮೊದಲು ಬರುತ್ತದೆ, ಆದರೆ ಆ ಕುರ್ಚಿಯ ಮೇಲೆ ಕುಳಿತವನಿಗೆ ಕೇಳುವ ಮನಸ್ಸೇ ಕರಗಿಹೋಗುತ್ತದೆ. ಪಾಪ, ಆ ಹುಡುಗ ಏನು ಮಾಡಿಯಾನು ಎನಿಸುತ್ತದೆ. ಆ ಹುಡುಗ ನಿಜಕ್ಕೂ ಏನೂ ಮಾಡಲಾರ, ಹಣ ಕೊಡಬೇಕಾದದ್ದು ಅವನಲ್ಲ. ಅಣ್ಣನಿಗೆ ಅವಮಾನವೆಂದು ಕಂಡದ್ದೂ ಇದೇ. ಅವನ ಕಣ್ಣಿಗೆ ನಾನು ದರ್ಜಿಯ ಮುಂದೆ ಸಣ್ಣವನಾದೆ, ಚೀಟಿ ಹೋಗಬೇಕಾದ ವಿಳಾಸ ಅವನಿಗೆ ಕಾಣಲಿಲ್ಲ. ಮೇಲಿನ ಮನೆಯ ಅಜ್ಜಿ ಕೇಳುವಾಗ ಎದುರಿಗೆ ಮನುಷ್ಯನನ್ನು ಇಟ್ಟುಕೊಳ್ಳುವುದೇ ಇಲ್ಲ, ಕರೆಂಟ್ ಬಿಲ್ಲಿನ ತಪ್ಪನ್ನು ತಿದ್ದಿಸಿದಂತೆ ತಿದ್ದಿಸುತ್ತಾರೆ.

ಊರಿನಿಂದ ಮಕ್ಕಳ ಮನೆಗೆ ಹೋಗಿಬರುವ ಹಿರಿಯರಿಗಾಗಿ ಟಿಕೆಟ್ ಕೊಳ್ಳುವವರು ಒಂದನ್ನು ಗಮನಿಸಬೇಕು. ಬೆಂಗಳೂರಿನಿಂದ ಯೂರೋಪಿಗೆ ಬರುವಾಗ ಈ 600 ಯೂರೋ ನಿಯಮ ಯೂರೋಪಿನ ಸಂಸ್ಥೆಯ ವಿಮಾನಕ್ಕೆ ಮಾತ್ರ ಅನ್ವಯಿಸುತ್ತದೆ, ಕೊಲ್ಲಿಯ ಅಥವಾ ಭಾರತದ ಸಂಸ್ಥೆಗೆ ಇಲ್ಲ. ಯೂರೋಪಿನಿಂದ ಹೊರಡುವಾಗ ಸಂಸ್ಥೆ ಯಾವುದಾದರೂ ಸರಿ.

ದಾವಣಗೆರೆಯ ದಂಪತಿಗೆ ನಾನೇ ಫೋನ್ ಮಾಡಿದ್ದೆ, ನನ್ನ ಹಣ ಬಂದ ಉತ್ಸಾಹದಲ್ಲಿ. ಅವರದ್ದನ್ನೂ ಬರೆದುಕೊಡುತ್ತೇನೆ ಎಂದು ಹೇಳಿಯೂ ಬಿಟ್ಟೆ. ಕೂತು ಓದಿದಾಗ ತಿಳಿಯಿತು, ಅವರದು ಶಿಕಾಗೋದಿಂದ ಬೆಂಗಳೂರಿಗೆ ಒಂದೇ ಟಿಕೆಟ್. ಹೊರಟದ್ದೂ ಯೂರೋಪಿನ ಹೊರಗೆ, ತಲುಪಿದ್ದೂ ಹೊರಗೆ, ನಡುವೆ ಬದಲಾಯಿಸಿದ್ದು ಮಾತ್ರ ಒಳಗೆ. ಅಂಥ ಪ್ರಯಾಣಕ್ಕೆ ಈ ನಿಯಮ ಸಲ್ಲುವುದಿಲ್ಲ ಎಂದು ಯೂರೋಪಿನ ನ್ಯಾಯಾಲಯ 2022ರಲ್ಲಿ ತೀರ್ಮಾನಿಸಿದೆ. ಒಂದೇ ದ್ವಾರದಲ್ಲಿ ಕಾದು, ಒಂದೇ ವಿಮಾನ ಹತ್ತಿ, ಒಂದೇ ದಿನ ತಡವಾಗಿ ಇಳಿದ ನಾಲ್ವರಲ್ಲಿ ಕೋಣೆಯಲ್ಲಿ ಮಲಗಿದ್ದ ಇಬ್ಬರಿಗೆ ಹಣ, ಮಡಚುವ ಮಂಚದಲ್ಲಿ ಮಲಗಿದ್ದ ಇಬ್ಬರಿಗೆ ಇಲ್ಲ. ನಾನು ಹೊಗಳುತ್ತಿದ್ದ ಕಾನೂನಿನ ಗಟ್ಟಿತನ ಇಷ್ಟೇ ದೂರ ಬರುತ್ತದೆ.

ಉಳಿದದ್ದು ಮಾಂಟ್ರಿಯಲ್ ಒಪ್ಪಂದದ ದಾರಿ, ತಡದಿಂದಾದ ನಿಜವಾದ ಖರ್ಚನ್ನು ಎರಡು ವರ್ಷದೊಳಗೆ ಕೇಳಬಹುದು. ಮತ್ತೆ ಫೋನ್ ಮಾಡಿ, ಆ ರಾತ್ರಿ ನಿಲ್ದಾಣದಲ್ಲಿ ಏನಾದರೂ ಕೊಂಡಿರಾ, ರಸೀದಿ ಇದೆಯೇ ಎಂದು ಕೇಳಿದೆ. ಯಜಮಾನರು ಹೆಂಡತಿಯನ್ನು ಕೂಗಿ ಕೇಳಿದರು. ಎರಡು ಕಪ್ ಚಹಾ ಕುಡಿದಿದ್ದರಂತೆ. ಚೀಟಿಯನ್ನು ಕಪ್ಪಿನೊಳಗೇ ಮಡಚಿ ಹಾಕಿ ಬುಟ್ಟಿಗೆ ಎಸೆದಿದ್ದರಂತೆ.